ಒಂದೇ ಟಿಕೆಟ್‌ನಲ್ಲಿ ಇಬ್ಬರಿಗೆ ಸೀಟು, ಇಬ್ಬರಿಗೆ ವೇಟಿಂಗ್: ರದ್ದು ಮಾಡುವ ಮುಂಚೆ ಇಷ್ಟು ತಿಳಿದಿರಲಿ

ಹೋದ ವರ್ಷ ಒಂದು ಸಂಜೆ ನಮ್ಮಕ್ಕ ಫೋನ್ ಮಾಡಿದಳು. ಧಾರವಾಡಕ್ಕೆ ರಾತ್ರಿ ರೈಲಿನಲ್ಲಿ ನಾಲ್ಕು ಜನಕ್ಕೆ ಒಂದೇ ಟಿಕೆಟ್ ಮಾಡಿಸಿದ್ದಳು. ಅವಳಿಗೂ ಭಾವನಿಗೂ ಬರ್ತ್ ಸಿಕ್ಕಿತ್ತು. ಮಕ್ಕಳಿಬ್ಬರದು ವೇಟಿಂಗ್ ಲಿಸ್ಟ್‌ನಲ್ಲೇ ಉಳಿದಿತ್ತು. "ಮಕ್ಕಳದ್ದು ಹೇಗೂ ಆಗಲ್ಲ ಅಂತ ಅವರಿಬ್ಬರದು ಮಾತ್ರ ಕ್ಯಾನ್ಸಲ್ ಮಾಡ್ಬಿಟ್ಟೆ ಕಣೋ. ಈಗ ನಾವೂ ಹೋಗೋದು ಬೇಡ ಅಂತ ಆಯ್ತು. ನಮ್ಮದಕ್ಕೆ ಅರ್ಧ ದುಡ್ಡು ಕಟ್ ಅಂತ ತೋರಿಸ್ತಿದೆ!" ಅಂದಳು.

ಅವಳು ಮಾಡಿದ್ದು ಯಾರಾದರೂ ಮಾಡುವ ಕೆಲಸವೇ. ಸಿಗದ ಸೀಟನ್ನು ಮೊದಲು ಬಿಟ್ಟುಕೊಟ್ಟಳು. ಸಿಕ್ಕಿದ ಸೀಟಿನ ಬಗ್ಗೆ ಆಮೇಲೆ ಯೋಚಿಸೋಣ ಅಂದುಕೊಂಡಳು. ಆದರೆ ನಾಲ್ಕೂ ಹೆಸರನ್ನು ಒಟ್ಟಿಗೆ ರದ್ದು ಮಾಡಿದ್ದರೆ ಅವರಿಬ್ಬರ ಖಚಿತ ಬರ್ತ್‌ಗೂ ತಲಾ 60 ರೂಪಾಯಿ ಮಾತ್ರ ಹೋಗುತ್ತಿತ್ತು. ಈ ಒಂದು ನಿಯಮ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ದುಡ್ಡು ಹೋಗುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಟಿಕೆಟ್ ಯಾವ ಜಾತಿಯದು ನೋಡಿ

ರೈಲ್ವೆಯ ಈಗಿನ ರೀಫಂಡ್ ಪದ್ಧತಿಗೆ 2015ರ ನವೆಂಬರ್‌ನಲ್ಲಿ ಜಾರಿಗೆ ಬಂದ ನಿಯಮಗಳೇ ಬುನಾದಿ. ಅವುಗಳ ಪ್ರಕಾರ ಹೆಸರಿನ ಮುಂದೆ ಏನು ಬರೆದಿದೆ ಅನ್ನುವುದರ ಮೇಲೆ ಕಡಿತ ನಿಲ್ಲುತ್ತದೆ. ಟಿಕೆಟ್ ಮಾಡಿಸಿದ ದಿನ ಏನಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ರದ್ದು ಮಾಡುವ ಹೊತ್ತಿಗೆ ಏನಿದೆ ಅನ್ನುವುದೇ ಮುಖ್ಯ.

ಪಿಎನ್‌ಆರ್ ಹಾಕಿ ನೋಡಿದಾಗ ಪ್ರತಿಯೊಬ್ಬರ ಮುಂದೆ ಎರಡು ಕಾಲಂ ಕಾಣುತ್ತದೆ. ಒಂದು `Booking Status`, ಇನ್ನೊಂದು `Current Status`. ನಮಗೆ ಬೇಕಾದ್ದು ಎರಡನೆಯದು. ಅಲ್ಲಿ `CNF` ಇದ್ದರೆ ಬರ್ತ್ ಖಚಿತ. `RAC` ಇದ್ದರೆ ಕೂರಲು ಜಾಗ ಇದೆ, ಮಲಗಲು ಪೂರ್ತಿ ಬರ್ತ್ ಇನ್ನೂ ಸಿಕ್ಕಿಲ್ಲ. `GNWL`, `RLWL`, `PQWL`, `TQWL` ಇವೆಲ್ಲ ವೇಟಿಂಗ್ ಲಿಸ್ಟ್‌ನ ಬೇರೆ ಬೇರೆ ಸಾಲುಗಳು. ಕೊನೆಯದು ತತ್ಕಾಲ್‌ನ ಸಾಲು. ಯಾವ ಸಾಲು ಬೇಗ ಮುಂದೆ ಹೋಗುತ್ತದೆ ಅನ್ನುವುದು ಬೇರೆ ಮಾತು. ಕಡಿತದ ವಿಷಯಕ್ಕೆ ಬಂದರೆ ಎಲ್ಲವೂ ಒಂದೇ.

ಟಿಕೆಟ್‌ನಲ್ಲಿ ಎಲ್ಲರೂ ವೇಟಿಂಗ್, ಅಥವಾ ಎಲ್ಲರೂ ಆರ್‌ಎಸಿ ಆಗಿದ್ದರೆ ಲೆಕ್ಕ ಸುಲಭ. ತಲಾ 60 ರೂಪಾಯಿ ಹೋಗುತ್ತದೆ. ಇದಕ್ಕೆ ಕ್ಲರ್ಕೇಜ್ ಅನ್ನುತ್ತಾರೆ. ಎಸಿ ದರ್ಜೆ ಆದರೆ ಇದರ ಮೇಲೆ ಜಿಎಸ್‌ಟಿಯೂ ಸೇರುತ್ತದೆ. ಹತ್ತು ದಿನ ಮೊದಲು ರದ್ದು ಮಾಡಿದರೂ ಅಷ್ಟೇ, ಒಂದು ಗಂಟೆ ಮೊದಲು ಬಿಟ್ಟುಕೊಟ್ಟರೂ ಅಷ್ಟೇ. ಗಡಿ ಒಂದೇ: ರೈಲು ಹೊರಡಬೇಕಾದ ಸಮಯಕ್ಕೆ 30 ನಿಮಿಷ ಮೊದಲು.

ಎಲ್ಲರಿಗೂ ಖಚಿತವಾಗಿದ್ದರೆ ಹೊತ್ತು ಹೋದಷ್ಟೂ ಕಡಿತ ಜಾಸ್ತಿ. ಸಾಕಷ್ಟು ಮೊದಲೇ ಬಿಟ್ಟರೆ ದರ್ಜೆಗೆ ತಕ್ಕ ಗೊತ್ತಾದ ಮೊತ್ತ ಹೋಗುತ್ತದೆ. 2015ರ ಪಟ್ಟಿಯಲ್ಲಿ ಸ್ಲೀಪರ್‌ಗೆ ಅದು ತಲಾ 120 ರೂಪಾಯಿ, ಥರ್ಡ್ ಎಸಿಗೆ 180, ಸೆಕೆಂಡ್ ಎಸಿಗೆ 200. ಹೊರಡುವ ಹೊತ್ತು ಹತ್ತಿರ ಬಂದಂತೆ ದರದ ಕಾಲು ಭಾಗ, ಆಮೇಲೆ ಅರ್ಧ, ಕೊನೆಗೆ ಪೂರ್ತಿ. ಎಷ್ಟು ಗಂಟೆಗೆ ಕಾಲು, ಎಷ್ಟು ಗಂಟೆಗೆ ಅರ್ಧ ಅನ್ನುವ ಗಡಿಗಳನ್ನು ಇಲ್ಲಿ ಬಾಯಿಪಾಠ ಮಾಡಿಸುವುದಿಲ್ಲ. ವಂದೇ ಭಾರತ್ ಸ್ಲೀಪರ್‌ನಂಥ ಹೊಸ ರೈಲುಗಳಿಗೆ ಬೇರೆಯೇ ಗಡಿಗಳಿವೆ. ನಿಮ್ಮ ರೈಲಿನ ಗಡಿಯನ್ನು ಆ ದಿನ ಐಆರ್‌ಸಿಟಿಸಿಯಲ್ಲೇ ನೋಡಿಕೊಳ್ಳಿ.

ಇನ್ನು ಉಳಿದದ್ದು ನಮ್ಮಕ್ಕನ ಟಿಕೆಟ್‌ನಂಥದ್ದು. ಕೆಲವರಿಗೆ ಖಚಿತ, ಕೆಲವರಿಗೆ ಆರ್‌ಎಸಿ ಅಥವಾ ವೇಟಿಂಗ್. ಜನ ಎಡವುವುದು ಇಲ್ಲೇ.

ಮಿಶ್ರ ಟಿಕೆಟ್‌ಗೆ ಇರುವ ರಿಯಾಯಿತಿ

ಮನೆಯವರೆಲ್ಲ ಸೇರಿ ಹೊರಟಾಗ ಅರ್ಧ ಜನಕ್ಕೆ ಮಾತ್ರ ಸೀಟು ಸಿಕ್ಕರೆ ಉಳಿದವರನ್ನು ಬಿಟ್ಟು ಹೋಗೋದು ಹೇಗೆ, ಅಲ್ವಾ? ನಿಯಮ ಬರೆದವರೂ ಇದನ್ನು ಯೋಚಿಸಿದ್ದಾರೆ. ಒಂದೇ ಟಿಕೆಟ್‌ನಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಇದ್ದು, ಕೆಲವರಿಗೆ ಖಚಿತ, ಉಳಿದವರಿಗೆ ಆರ್‌ಎಸಿ ಅಥವಾ ವೇಟಿಂಗ್ ಇದ್ದರೆ, ಖಚಿತವಾದವರಿಗೂ ಕ್ಲರ್ಕೇಜ್ ಮಾತ್ರ ಕಳೆದು ಪೂರ್ತಿ ದುಡ್ಡು ವಾಪಸ್ ಕೊಡಬೇಕು.

ಇದಕ್ಕೆ ಎರಡು ಷರತ್ತು ಇವೆ. ಟಿಕೆಟ್‌ನಲ್ಲಿರುವ ಎಲ್ಲರದ್ದೂ ರದ್ದಾಗಬೇಕು. ರೈಲು ಹೊರಡಬೇಕಾದ ಸಮಯಕ್ಕೆ 30 ನಿಮಿಷ ಇರುವಷ್ಟರಲ್ಲಿ ರದ್ದು ಮಾಡಿರಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ಟಿಡಿಆರ್ ಹಾಕಿರಬೇಕು. ರೈಲು ಹೊರಡುವ ಮುಂಚೆ ಯಾರಿಗೆ ಯಾವ ಸೀಟು ಅಂತ ರೈಲ್ವೆ ಮಾಡುವ ಪಟ್ಟಿಯೇ ಚಾರ್ಟ್. ಟಿಡಿಆರ್ ಅಂದರೆ ಚಾರ್ಟ್ ಆದ ಮೇಲೆ ರೀಫಂಡ್ ಕೇಳಿ ಹಾಕುವ ಅರ್ಜಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಲೆಕ್ಕ ಮಾಡಿ ನೋಡೋಣ. ಸ್ಲೀಪರ್ ದರ್ಜೆ, ತಲಾ 400 ರೂಪಾಯಿ ಅಂತ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ 1600. ಇಬ್ಬರಿಗೆ ಖಚಿತ, ಇಬ್ಬರಿಗೆ ವೇಟಿಂಗ್. ಖಚಿತ ಟಿಕೆಟ್‌ಗೆ ಅರ್ಧ ದುಡ್ಡು ಕಡಿತವಾಗುವ ಹೊತ್ತು ಬಂದಿದೆ.

ನಾಲ್ಕೂ ಹೆಸರನ್ನು ಒಟ್ಟಿಗೆ ರದ್ದು ಮಾಡಿದರೆ ತಲಾ 60ರಂತೆ 240 ಹೋಗುತ್ತದೆ, 1360 ವಾಪಸ್ ಬರುತ್ತದೆ.

ಈಗ ಅಕ್ಕ ಮಾಡಿದ ದಾರಿ ನೋಡಿ. ಮೊದಲು ಮಕ್ಕಳಿಬ್ಬರದು ತೆಗೆದಳು, 120 ಹೋಯಿತು. ಆ ಕ್ಷಣಕ್ಕೆ ಟಿಕೆಟ್‌ನಲ್ಲಿ ಉಳಿದವರೆಲ್ಲ ಖಚಿತ ಆದವರೇ. ಮಿಶ್ರ ಟಿಕೆಟ್ ಅನ್ನುವ ಗುಣವೇ ಹೋಯಿತು. ಆಮೇಲೆ ಉಳಿದಿಬ್ಬರದು ತೆಗೆಯಲು ಹೋದರೆ ತಲಾ 200, ಅಂದರೆ 400 ಹೋಗುತ್ತದೆ. ಒಟ್ಟು 520 ಕಡಿತ, ಕೈಗೆ 1080. ರದ್ದು ಮಾಡಿದ್ದು ಅದೇ ನಾಲ್ಕು ಹೆಸರು, ಆದರೆ ಎರಡು ಸಲ ಮಾಡಿದ್ದಕ್ಕೆ 280 ರೂಪಾಯಿ ಜಾಸ್ತಿ ಹೋಯಿತು. ಖಚಿತ ಟಿಕೆಟ್‌ಗೆ ಏನೂ ವಾಪಸ್ ಬಾರದ ಹೊತ್ತಿಗೆ ಹೀಗೆ ಮಾಡಿದ್ದರೆ ಅವರಿಬ್ಬರ 800 ರೂಪಾಯಿ ಪೂರ್ತಿ ಹೋಗುತ್ತಿತ್ತು. ಥರ್ಡ್ ಎಸಿ, ಸೆಕೆಂಡ್ ಎಸಿಯಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು.

ಹಾಗಾಗಿ ಮನೆಯಲ್ಲಿ ಒಂದು ಮಾತು ಮೊದಲು ತೀರ್ಮಾನ ಆಗಲಿ: ಸೀಟು ಸಿಕ್ಕವರು ಹೋಗುತ್ತೀರಾ, ಇಲ್ಲವಾ? ಅವರು ಖಂಡಿತ ಹೋಗುವುದಾದರೆ ಮಾತ್ರ ವೇಟಿಂಗ್ ಇರುವವರ ಹೆಸರನ್ನು ಬೇರೆ ಮಾಡಿ ತೆಗೆಯಿರಿ. ಇನ್ನೂ ಅನುಮಾನ ಇದ್ದರೆ ಯಾರ ಹೆಸರನ್ನೂ ಮುಟ್ಟಬೇಡಿ.

ತತ್ಕಾಲ್‌ನಲ್ಲಿ ಪೂರ್ತಿ ಖಚಿತವಾದ ಟಿಕೆಟ್ ರದ್ದು ಮಾಡಿದರೆ ಏನೂ ವಾಪಸ್ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ತತ್ಕಾಲ್ ಟಿಕೆಟ್ ಮಿಶ್ರವಾಗಿದ್ದರೆ, ಎಲ್ಲ ಹೆಸರನ್ನೂ ಒಟ್ಟಿಗೆ ಬಿಟ್ಟುಕೊಟ್ಟಾಗ ಈ ರಿಯಾಯಿತಿ ಅಲ್ಲೂ ಇದೆ. ತತ್ಕಾಲ್ ಅಂದ ತಕ್ಷಣ ದುಡ್ಡು ಹೋಯಿತು ಅಂತ ಸುಮ್ನೆ ಕೂರಬೇಡಿ.

ರದ್ದು ಮಾಡುವ ಕ್ರಮ

ಚಾರ್ಟ್ ಇನ್ನೂ ಆಗಿಲ್ಲ ಅಂದರೆ ಕೆಲಸ ಸಲೀಸು. ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ `My Transactions` ಒಳಗೆ `Booked Ticket History` ತೆರೆಯಿರಿ. ನಿಮ್ಮ ಪಿಎನ್‌ಆರ್ ಆರಿಸಿ `Cancel Ticket` ಒತ್ತಿ. ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಚೌಕ ಬರುತ್ತದೆ. ನೀವು ಟಿಕ್ ಹಾಕಿದ ಹೆಸರು ಮಾತ್ರ ರದ್ದಾಗುವುದು. ಮಿಶ್ರ ಟಿಕೆಟ್ ಪೂರ್ತಿ ಬೇಡ ಅಂದರೆ ಎಲ್ಲ ಚೌಕಕ್ಕೂ ಟಿಕ್ ಬಿದ್ದಿದೆಯಾ ಅಂತ ಬೆರಳಿಟ್ಟು ಎಣಿಸಿ. ಫೋನಿನ ಚಿಕ್ಕ ಪರದೆಯಲ್ಲಿ ಕೊನೆಯ ಹೆಸರು ಕೆಳಗೆ ಮರೆಯಾಗಿರುತ್ತದೆ.

ಒತ್ತುವ ಮುಂಚೆ ಎಲ್ಲರ ಸ್ಥಿತಿ ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಸಮಯವೂ ಕಾಣಲಿ. ರದ್ದಾದ ಮೇಲೆ ಎಷ್ಟು ಕಡಿತ, ಎಷ್ಟು ವಾಪಸ್ ಅಂತ ತೋರಿಸುವ ಪುಟದ್ದೂ ತೆಗೆದಿಡಿ. ತಲಾ 60 ಅಂತ ಲೆಕ್ಕ ಬರಬೇಕಾದಲ್ಲಿ ಬೇರೆ ಮೊತ್ತ ಬಂದಿದ್ದರೆ ದೂರು ಕೊಡುವಾಗ ಇವೆರಡು ಚಿತ್ರವೇ ಆಧಾರ.

ದುಡ್ಡು ಬಂದಾಗ ಇನ್ನೊಂದು ಸಣ್ಣ ವ್ಯತ್ಯಾಸ ಕಾಣುತ್ತದೆ. ಟಿಕೆಟ್ ಮಾಡಿಸುವಾಗ ಕೊಟ್ಟ ಕನ್ವೀನಿಯನ್ಸ್ ಫೀ ಯಾವ ರೀತಿ ರದ್ದು ಮಾಡಿದರೂ ವಾಪಸ್ ಬರುವುದಿಲ್ಲ. ಏಜೆಂಟ್ ಹತ್ತಿರ ಮಾಡಿಸಿದ್ದರೆ ಅವರ ಸೇವಾ ಶುಲ್ಕವೂ ಬರುವುದಿಲ್ಲ. ಇವೆರಡನ್ನೂ ಪಕ್ಕಕ್ಕಿಟ್ಟು ಟಿಕೆಟ್ ದರದ ಮೇಲೆ ಮಾತ್ರ ಲೆಕ್ಕ ಹಾಕಿ.

ಚಾರ್ಟ್ ಅನ್ನುವ ಗೆರೆ

2025ರ ಜುಲೈಗೆ ಮುಂಚೆ ರೈಲು ಹೊರಡಲು ನಾಲ್ಕು ಗಂಟೆ ಇದೆ ಅನ್ನುವಾಗ ಮೊದಲ ಚಾರ್ಟ್ ಆಗುತ್ತಿತ್ತು. ಆಮೇಲೆ ಅದನ್ನು ಎಂಟು ಗಂಟೆ ಮುಂಚೆಗೆ ತಂದರು, 2025ರ ಡಿಸೆಂಬರ್‌ನಲ್ಲಿ ಹತ್ತು ಗಂಟೆ ಮುಂಚೆಗೆ. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಹೊರಡುವ ರೈಲುಗಳಿಗೆ ಹಿಂದಿನ ರಾತ್ರಿಯೇ ಚಾರ್ಟ್ ಆಗಿಬಿಡುತ್ತದೆ. ಅಂದರೆ ರಾತ್ರಿ 11ರ ರೈಲಿಗೆ ಸಂಜೆ ಆರಕ್ಕೆ ಆಫೀಸಿಂದ ಬಂದು ರದ್ದು ಮಾಡೋಣ ಅಂತ ಕೂತರೆ ಚಾರ್ಟ್ ಆಗಿ ಎಷ್ಟೋ ಹೊತ್ತಾಗಿರುತ್ತದೆ. ಮಧ್ಯದ ಊರಿನಲ್ಲಿ ಹತ್ತುವವರು ಇನ್ನೂ ಹುಷಾರಾಗಿರಬೇಕು. ಚಾರ್ಟ್ ಸಾಮಾನ್ಯವಾಗಿ ರೈಲು ಶುರುವಾಗುವ ಊರಿನ ಹೊತ್ತಿನ ಲೆಕ್ಕದಲ್ಲಿ ಆಗಿರುತ್ತದೆ.

ಚಾರ್ಟ್ ಆದ ಕ್ಷಣದಿಂದ ನಿಮ್ಮ ಟಿಕೆಟ್ ಮೂರರಲ್ಲಿ ಒಂದು ದಾರಿ ಹಿಡಿಯುತ್ತದೆ.

ಎಲ್ಲರೂ ವೇಟಿಂಗ್‌ನಲ್ಲೇ ಉಳಿದಿದ್ದರೆ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ನೀವು ಏನೂ ಒತ್ತಬೇಕಾಗಿಲ್ಲ. ಕ್ಲರ್ಕೇಜ್ ಕಳೆದು ಉಳಿದದ್ದು ಯಾವ ಖಾತೆಯಿಂದ ಹೋಗಿತ್ತೋ ಅದಕ್ಕೇ ಬರುತ್ತದೆ, ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ. ಆ ಟಿಕೆಟ್ ಹಿಡಿದು ರೈಲು ಹತ್ತಬೇಡಿ. ನಿಮ್ಮ ಹೆಸರು ಚಾರ್ಟ್‌ನಲ್ಲಿ ಇರುವುದಿಲ್ಲ, ಟಿಟಿಇ ನಿಮ್ಮನ್ನು ಟಿಕೆಟ್ ಇಲ್ಲದವರು ಅಂತಲೇ ನೋಡುತ್ತಾರೆ.

ಎಲ್ಲರಿಗೂ ಖಚಿತ ಆಗಿಬಿಟ್ಟರೆ ಖುಷಿಯ ವಿಷಯವೇ. ಆದರೆ ಹೋಗಲು ಮನಸ್ಸಿಲ್ಲದೆ, ಬಸ್ಸಿಗೂ ಬುಕ್ ಮಾಡಿಕೊಂಡು "ಹೇಗೂ ವೇಟಿಂಗ್, ತಾನಾಗಿ ಹೋಗುತ್ತೆ" ಅಂತ ಬಿಟ್ಟವರಿಗೆ ಇದೇ ದೊಡ್ಡ ಪೆಟ್ಟು. ನಿನ್ನೆ ತಲಾ 60ಕ್ಕೆ ಮುಗಿಯುತ್ತಿದ್ದದ್ದು ಇವತ್ತು ಅರ್ಧ ದರಕ್ಕೆ ಏರಿರುತ್ತದೆ, ಇನ್ನೂ ತಡವಾದರೆ ಪೂರ್ತಿ ಹೋಗುತ್ತದೆ. ಬೇರೆ ವ್ಯವಸ್ಥೆ ಆಗಿದ್ದರೆ ವೇಟಿಂಗ್ ಇರುವಾಗಲೇ ರದ್ದು ಮಾಡಿ. ಬುಕ್ ಮಾಡುವಾಗ ವಿಕಲ್ಪ ಆರಿಸಿದ್ದವರಿಗೂ ಇದೇ ಮಾತು. ವೇಟಿಂಗ್ ಉಳಿದವರಿಗೆ ಬೇರೆ ರೈಲಿನಲ್ಲಿ ಜಾಗ ಕೊಡುವ ಯೋಜನೆ ಅದು. ಜಾಗ ಸಿಕ್ಕ ಮೇಲೆ ನಿಮ್ಮನ್ನು ಖಚಿತ ಟಿಕೆಟ್‌ನವರು ಅಂತಲೇ ಲೆಕ್ಕ ಹಾಕುತ್ತಾರೆ. ಆ ರೈಲಿನ ಹೊತ್ತು ನಿಮಗೆ ಆಗಿಬರಲ್ಲ ಅಂದರೂ ಖಚಿತ ಟಿಕೆಟ್‌ನ ಕಡಿತವೇ ಬೀಳುತ್ತದೆ.

ಕೆಲವರಿಗೆ ಖಚಿತ, ಕೆಲವರಿಗೆ ವೇಟಿಂಗ್ ಹಾಗೇ ಉಳಿದರೆ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ. ವೇಟಿಂಗ್ ಉಳಿದವರ ಹೆಸರೂ ಚಾರ್ಟ್‌ನಲ್ಲಿ ಬರುತ್ತದೆ. ಅವರು ತಮ್ಮವರ ಜೊತೆ ಹತ್ತಬಹುದು, ಬರ್ತ್ ಮಾತ್ರ ಇರುವುದಿಲ್ಲ. ಹೆಸರು ಚಾರ್ಟ್‌ನಲ್ಲಿ ಇರುವುದರಿಂದಲೇ ಅವರ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ. ಕೇಳಿ ಪಡೆಯಬೇಕು.

ಚಾರ್ಟ್ ಆದ ಮೇಲೆ ಟಿಡಿಆರ್

ಯಾರೂ ಹೋಗುತ್ತಿಲ್ಲ ಅಂದರೆ `My Transactions` ಒಳಗಿನ `File TDR`ಗೆ ಹೋಗಿ. ಪಿಎನ್‌ಆರ್ ಆರಿಸಿದರೆ ಕಾರಣಗಳ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಟಿಕೆಟ್ ಭಾಗಶಃ ಖಚಿತವಾಗಿತ್ತು, ಯಾರೂ ಪ್ರಯಾಣ ಮಾಡಲಿಲ್ಲ ಅನ್ನುವ ಅರ್ಥದ ಸಾಲನ್ನೇ ಹುಡುಕಿ ಆರಿಸಿ. ಗಡಿಬಿಡಿಯಲ್ಲಿ ಬರೀ ಪ್ರಯಾಣ ಮಾಡಲಿಲ್ಲ ಅನ್ನುವ ಸಾಲು ಒತ್ತಿದರೆ ಖಚಿತವಾದವರು ಬರಲಿಲ್ಲ ಅನ್ನುವಂತೆ ಅರ್ಜಿ ಹೋಗುತ್ತದೆ. ಇಲ್ಲೂ ಎಲ್ಲ ಹೆಸರಿಗೂ ಟಿಕ್ ಇರಬೇಕು, ಹೊರಡುವ ಸಮಯಕ್ಕೆ 30 ನಿಮಿಷ ಇರುವಷ್ಟರಲ್ಲೇ ಹಾಕಬೇಕು. ಎಲ್ಲರೂ ಆರ್‌ಎಸಿ ಆಗಿರುವ ಟಿಕೆಟ್‌ಗೂ ಇದೇ ಗಡಿ. ಆರ್‌ಎಸಿ ಅಂದರೆ ವೇಟಿಂಗ್ ಥರ ತಾನಾಗಿ ವಾಪಸ್ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ.

ಗಡಿ 30 ನಿಮಿಷ ಅಂತ 31ನೇ ನಿಮಿಷದವರೆಗೆ ಕಾಯಬೇಡಿ. ಲಾಗಿನ್, ಕ್ಯಾಪ್ಚಾ, ನೆಟ್‌ವರ್ಕ್ ಅಂತ ಹತ್ತು ನಿಮಿಷ ಹಾಗೇ ಹೋಗುತ್ತದೆ. ರೈಲು ತಡವಾಗಿದೆ ಅಂತ ಗಡಿಯೂ ಮುಂದೆ ಹೋಗುವುದಿಲ್ಲ. ವೇಳಾಪಟ್ಟಿಯ ಹೊತ್ತೇ ಲೆಕ್ಕ. (ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ ನೀವು ಹತ್ತದೇ ಇದ್ದರೆ ಅದಕ್ಕೆ ಬೇರೆ ನಿಯಮ, ಪೂರ್ತಿ ದುಡ್ಡು ಕೇಳಬಹುದು. ಆಗ ರೈಲು ನಿಮ್ಮ ಊರಿಂದ ನಿಜವಾಗಿ ಹೊರಡುವ ಮೊದಲೇ ಟಿಡಿಆರ್ ಹಾಕಿರಬೇಕು.)

ಸೀಟು ಸಿಕ್ಕವರು ಹೋಗಿ, ವೇಟಿಂಗ್ ಉಳಿದವರು ಮನೆಯಲ್ಲೇ ಇದ್ದರೆ ಕೆಲಸ ಸ್ವಲ್ಪ ಉದ್ದ. ಹೋದವರು ರೈಲಿನಲ್ಲಿ ಟಿಟಿಇ ಬಂದಾಗ ಈ ಹೆಸರಿನವರು ಬಂದಿಲ್ಲ ಅಂತ ಹೇಳಿ ಅದಕ್ಕೆ ಸರ್ಟಿಫಿಕೇಟ್ ಕೇಳಿ ಪಡೆಯಬೇಕು. ನಿದ್ದೆ ಬರುತ್ತಿದೆ, ಬೆಳಗ್ಗೆ ಕೇಳೋಣ ಅಂತ ಬಿಟ್ಟರೆ ಬೆಳಗ್ಗೆ ಟಿಟಿಇ ಬದಲಾಗಿರುತ್ತಾರೆ. ಊರು ತಲುಪಿದ ಮೇಲೆ 72 ಗಂಟೆಯೊಳಗೆ ಟಿಡಿಆರ್ ಹಾಕಿ, ಬಾರದವರ ಹೆಸರಿಗೆ ಮಾತ್ರ ಟಿಕ್ ಹಾಕಿ. ಸರ್ಟಿಫಿಕೇಟ್‌ನ ಮೂಲ ಪ್ರತಿಯನ್ನು ದೆಹಲಿಯಲ್ಲಿರುವ ಐಆರ್‌ಸಿಟಿಸಿ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು. ವಿಳಾಸ ವೆಬ್‌ಸೈಟ್‌ನ ರೀಫಂಡ್ ನಿಯಮಗಳ ಪುಟದಲ್ಲೇ ಇದೆ. ಕಳಿಸುವ ಮುಂಚೆ ಫೋಟೋ ತೆಗೆದಿಡಿ, ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಇಷ್ಟೆಲ್ಲ ಓಡಾಟ ಬೇಡ ಅಂದರೆ, ಸೀಟು ಸಿಕ್ಕವರು ಹೋಗುವುದು ಗಟ್ಟಿ ಆದ ಕೂಡಲೇ, ಚಾರ್ಟ್‌ಗೆ ಮುಂಚೆ, ವೇಟಿಂಗ್‌ನವರ ಹೆಸರು ತೆಗೆದುಬಿಡುವುದೇ ಒಳ್ಳೆಯದು. ತಲಾ 60ಕ್ಕೆ ಮುಗಿಯುತ್ತದೆ.

ಟಿಡಿಆರ್ ಹಾಕಿದ ಮಾತ್ರಕ್ಕೆ ದುಡ್ಡು ಬಂದಂತಲ್ಲ. ಅರ್ಜಿ ಸಂಬಂಧಪಟ್ಟ ರೈಲ್ವೆ ವಲಯಕ್ಕೆ ಹೋಗಿ, ಅವರು ಚಾರ್ಟ್ ನೋಡಿ ತೀರ್ಮಾನ ಮಾಡುತ್ತಾರೆ. ಎರಡು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಹಿಡಿಯಬಹುದು. ಅಲ್ಲಿಯವರೆಗೆ `TDR History`ಯಲ್ಲಿ ಆಗಾಗ ನೋಡುತ್ತಿರಿ.

ಕೌಂಟರ್‌ನಲ್ಲಿ ತೆಗೆದ ಟಿಕೆಟ್ ಆದರೆ

ಊರಲ್ಲಿ ಅಪ್ಪ ಅಮ್ಮ ಇನ್ನೂ ಸ್ಟೇಷನ್‌ಗೆ ಹೋಗಿ ಫಾರಂ ತುಂಬಿ ಟಿಕೆಟ್ ತರುತ್ತಾರೆ, ಅಲ್ವಾ? ಕಡಿತದ ಲೆಕ್ಕ ಅದಕ್ಕೂ ಇದೇ, ಮಿಶ್ರ ಟಿಕೆಟ್‌ನ ರಿಯಾಯಿತಿಯೂ ಇದೆ. ಆದರೆ ಕೌಂಟರ್ ಟಿಕೆಟ್ ಪೂರ್ತಿ ವೇಟಿಂಗ್ ಇದ್ದರೂ ತಾನಾಗಿ ರದ್ದಾಗುವುದಿಲ್ಲ. ರೈಲು ಹೊರಡಲು 30 ನಿಮಿಷ ಇರುವಷ್ಟರಲ್ಲಿ ಕಾಗದದ ಟಿಕೆಟ್ಟನ್ನು ಕೌಂಟರ್‌ಗೆ ಕೊಟ್ಟು ದುಡ್ಡು ಪಡೆಯಬೇಕು. ಮಗ ಇ-ಟಿಕೆಟ್ ಬಗ್ಗೆ ಹೇಳಿದ್ದನ್ನು ಕೇಳಿ "ದುಡ್ಡು ತಾನಾಗಿ ಬರುತ್ತಂತೆ" ಅಂತ ಟಿಕೆಟ್ಟನ್ನು ಕಪಾಟಿನಲ್ಲಿ ಇಟ್ಟುಕೊಂಡ ಹಿರಿಯರನ್ನು ನಾನು ನೋಡಿದ್ದೇನೆ. ರೈಲು ಹೋದ ಮೇಲೆ ಆ ಕಾಗದಕ್ಕೆ ಕೌಂಟರ್‌ನಲ್ಲಿ ಏನೂ ಸಿಗುವುದಿಲ್ಲ. ಮನೆಯಲ್ಲಿ ಅಂಥ ಟಿಕೆಟ್ ಇದ್ದರೆ ಪ್ರಯಾಣದ ಹಿಂದಿನ ದಿನವೇ ಒಂದು ಫೋನ್ ಮಾಡಿ, ಮೇಲಿನ ಪಿಎನ್‌ಆರ್ ಓದಿಸಿಕೊಂಡು ಸ್ಥಿತಿ ನೋಡಿ ಹೇಳಿ. ರಾತ್ರಿ ಕೌಂಟರ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತಲೂ ಕೇಳಿಕೊಳ್ಳಲಿ.